ಮೂರು ದಿನದ ತರಬೇತಿಗೆ ತಲೆಗೆಷ್ಟು ಖರ್ಚು?

“ನಲವತ್ತು ಜನರ ತರಬೇತಿಗೆ 90,000 ರೂಪಾಯಿ ಕೇಳಿದ್ದೀರಿ. ಈ ವರ್ಷ ಹಣ ಕಡಿಮೆ ಇದೆ. ಮೂವತ್ತು ಜನಕ್ಕೆ ಮಾಡಿ, ತಲೆಗೆ 2,250ರಂತೆ 67,500 ಮಂಜೂರು ಮಾಡುತ್ತೇವೆ.”

ಸ್ವಯಂಸೇವಾ ಸಂಸ್ಥೆಗಳಲ್ಲಿ ತರಬೇತಿಯ ಕೆಲಸ ನೋಡಿಕೊಳ್ಳುವವರಿಗೆ ಇಂಥ ಪತ್ರ ಹೊಸದಲ್ಲ. ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ಕೊಡುವವರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಇದನ್ನು ಒಪ್ಪಿಕೊಂಡು ತರಬೇತಿ ನಡೆಸಿದರೆ ಕೊನೆಗೆ ಕೈಯಿಂದ 12,000 ರೂಪಾಯಿ ಹಾಕಬೇಕಾಗುತ್ತದೆ. ನಾನು ಒಮ್ಮೆ ಹಾಗೆ ಒಪ್ಪಿಕೊಂಡು, ಆಮೇಲೆ ಊಟದ ಲೆಕ್ಕದಲ್ಲಿ ಹಪ್ಪಳ, ಸಿಹಿ ಎಲ್ಲ ತೆಗೆಸಿದರೂ ಹೊಂದಿಸಲಾಗದೆ ಒದ್ದಾಡಿದ್ದೆ. ಆ 12,000 ಎಲ್ಲಿ ಅಡಗಿ ಕೂತಿರುತ್ತದೆ ಎಂಬುದು ಗೊತ್ತಾದರೆ ತರಬೇತಿಯ ಬಜೆಟ್ಟಿನ ಮುಕ್ಕಾಲು ಪಾಲು ಗೊತ್ತಾದಂತೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕ ಬರೆಯುವ ನಲವತ್ತು ಹೆಣ್ಣುಮಕ್ಕಳಿಗೆ ಮೂರು ದಿನದ ತರಬೇತಿ. ಎಲ್ಲರೂ ಸುತ್ತಲ ಹಳ್ಳಿಗಳವರು, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವವರು. ಮುಖ್ಯ ತರಬೇತುದಾರರು ಬೆಂಗಳೂರಿನಿಂದ ಬರುತ್ತಾರೆ, ಸಹಾಯಕ್ಕೆ ಸ್ಥಳೀಯರೊಬ್ಬರು. ಕೆಳಗಿನ ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮೂರಿನ ದರ ಬೇರೆಯಿರುತ್ತದೆ, ಲೆಕ್ಕದ ದಾರಿ ಮಾತ್ರ ಇದೇ.

ಬಜೆಟ್ ಬರೆಯಲು ಕೂತಾಗ ಹೆಚ್ಚಿನವರು ತರಬೇತುದಾರರು, ಸ್ಥಳ, ಊಟ, ಸಾಮಗ್ರಿ, ಪ್ರಯಾಣ ಎಂದು ಶೀರ್ಷಿಕೆ ಹಾಕಿಕೊಂಡು ಶುರುಮಾಡುತ್ತಾರೆ. ಹಣ ಕೊಡುವವರ ನಮೂನೆಯೂ ಹಾಗೇ ಇರುತ್ತದೆ, ಆದ್ದರಿಂದ ಕೊನೆಗೆ ಅದೇ ರೂಪಕ್ಕೆ ತರಬೇಕು. ಆದರೆ ಮೊದಲ ಕರಡನ್ನು ನಾನು ಎರಡೇ ಕಾಲಂನಲ್ಲಿ ಬರೆಯುತ್ತೇನೆ. ಒಬ್ಬರು ಬಂದರೂ ನಲವತ್ತು ಜನ ಬಂದರೂ ಅಷ್ಟೇ ಇರುವ ಖರ್ಚು ಎಡಕ್ಕೆ. ಒಬ್ಬೊಬ್ಬರು ಹೆಚ್ಚಾದಂತೆ ಏರುವ ಖರ್ಚು ಬಲಕ್ಕೆ. ಮೊದಲನೆಯದು ಸ್ಥಿರ ಖರ್ಚು, ಎರಡನೆಯದು ತಲೆ ಖರ್ಚು.

ಎಡಗಡೆಯಲ್ಲಿ ಮೊದಲು ಬರುವುದು ತರಬೇತುದಾರರ ಸಂಭಾವನೆ. ಮುಖ್ಯ ತರಬೇತುದಾರರಿಗೆ ದಿನಕ್ಕೆ 5,000ದಂತೆ ಮೂರು ದಿನಕ್ಕೆ 15,000. ಇಷ್ಟಕ್ಕೇ ನಿಲ್ಲಿಸುವುದು ಸಾಮಾನ್ಯವಾದ ತಪ್ಪು. ಪಾಠ ಹೇಳುವ ದಿನಕ್ಕಿಂತ ಮೊದಲು ಒಂದು ದಿನದ ಕೆಲಸ ಅವರಿಗಿರುತ್ತದೆ: ನಿಮ್ಮ ಸಂಘಗಳ ಹಳೆಯ ಪುಸ್ತಕ ತರಿಸಿಕೊಂಡು ಯಾವ ತಪ್ಪು ಹೆಚ್ಚು ಎಂದು ನೋಡಬೇಕು, ಅಭ್ಯಾಸದ ಲೆಕ್ಕಗಳನ್ನು ಸಿದ್ಧಮಾಡಬೇಕು. ಆ ದಿನಕ್ಕೆ ಹಣ ಇಡದಿದ್ದರೆ ಎರಡರಲ್ಲೊಂದು ಆಗುತ್ತದೆ. ಒಂದೋ ಅವರು ಬೇರೆಲ್ಲೋ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತಾರೆ, ಇಲ್ಲವೇ ಕಾರ್ಯಕ್ರಮ ಮುಗಿದ ಮೇಲೆ ಸಂಕೋಚದಿಂದ ಕೇಳುತ್ತಾರೆ. ತಯಾರಿಗೆ ಅರ್ಧ ದರ, 2,500 ಇಡೋಣ. ಸಹಾಯಕ ತರಬೇತುದಾರರಿಗೆ ದಿನಕ್ಕೆ 2,000ದಂತೆ 6,000. ಒಟ್ಟು 23,500.

ತೆರಿಗೆಯ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಒಬ್ಬರೇ ತರಬೇತುದಾರರಿಗೆ ಒಂದು ಸಂಸ್ಥೆ ವರ್ಷದಲ್ಲಿ ಕೊಡುವ ವೃತ್ತಿ ಸಂಭಾವನೆ 50,000 ರೂಪಾಯಿ ದಾಟಿದರೆ ಮೂಲದಲ್ಲೇ ಶೇ. 10 ತೆರಿಗೆ ಕಡಿತ ಮಾಡಿ ಕೊಡಬೇಕು. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಒಂದು ತರಬೇತಿಯ 17,500 ಈ ಮಿತಿಯೊಳಗೇ ಇದೆ, ಅದೇ ವ್ಯಕ್ತಿಯನ್ನು ವರ್ಷಕ್ಕೆ ಮೂರು ಸಲ ಕರೆದರೆ ದಾಟಿಹೋಗುತ್ತದೆ. ಬಜೆಟ್ಟಿನಲ್ಲಿ ಬರೆಯುವುದು ಕಡಿತಕ್ಕೆ ಮುಂಚಿನ ಮೊತ್ತ. ಅವರ ಕೈಗೆ ಸಿಗುವುದು ಕಡಿತವಾದ ಮೇಲಿನದು. ಫೋನಿನಲ್ಲಿ ದರ ಮಾತಾಡುವಾಗಲೇ ಇದನ್ನು ಹೇಳಿಬಿಟ್ಟರೆ ಆಮೇಲೆ ಮುಖ ನೋಡಿ ಮಾತಾಡಬಹುದು. “ಐದು ಸಾವಿರ ಕೈಗೆ ಬರಬೇಕು” ಎಂಬ ಒಪ್ಪಂದವಾಗಿದ್ದರೆ ನಿಮ್ಮ ಬಜೆಟ್ ಐದು ಸಾವಿರದ್ದಲ್ಲ.

ಅವರ ಪ್ರಯಾಣ, ವಸತಿಯೂ ಎಡಗಡೆಯದೇ. ಹೋಗಿಬರುವ ಬಸ್ಸು ಅಥವಾ ರೈಲು, ಎರಡೂ ಕಡೆಯ ಆಟೊ ಸೇರಿ 1,600. ಮೂರು ದಿನದ ತರಬೇತಿಗೆ ಎರಡು ರಾತ್ರಿ ಎಂದು ಬರೆದವರು ಎಷ್ಟೋ ಮಂದಿ. ಬೆಳಿಗ್ಗೆ ಹತ್ತಕ್ಕೆ ತರಗತಿ ಶುರುವಾಗಬೇಕಾದರೆ ಅವರು ಹಿಂದಿನ ಸಂಜೆಯೇ ಬಂದಿಳಿದಿರಬೇಕು, ಆದ್ದರಿಂದ ರಾತ್ರಿ ಮೂರು. 1,200ರಂತೆ 3,600. ರಾತ್ರಿ ಊಟ, ಲಾಡ್ಜಿನ ಕಾಫಿಗೆಂದು ದಿನಕ್ಕೆ 300ರಂತೆ 900. ಒಟ್ಟು 6,100.

ಇನ್ನು ಜಾಗ. ಇದರಲ್ಲಿ ಬಾಡಿಗೆಯ ಮೊತ್ತ ನೋಡಿ ಮೋಸ ಹೋಗುವವರೇ ಹೆಚ್ಚು, ಅದರಲ್ಲೂ ಬಾಡಿಗೆಯೇ ಇಲ್ಲದಿರುವಾಗ. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಸಮುದಾಯ ಭವನವೊಂದು ದಿನಕ್ಕೆ 2,500ಕ್ಕೆ ಸಿಗುತ್ತದೆ, ಮೂರು ದಿನಕ್ಕೆ 7,500 ಎಂದುಕೊಳ್ಳಿ. ಊರಾಚೆ ಮೂರು ಕಿಲೋಮೀಟರ್ ದೂರದಲ್ಲಿ ಪರಿಚಯದವರೊಬ್ಬರು ತಮ್ಮ ಸಭಾಂಗಣವನ್ನು ಬಿಟ್ಟಿಯಾಗಿ ಕೊಡುತ್ತೇವೆ ಎನ್ನುತ್ತಾರೆ. ಬಿಟ್ಟಿ ಎಂದ ಕೂಡಲೇ ಸಮಿತಿಯ ಹಿರಿಯರಿಗೆಲ್ಲ ಖುಷಿ. ಆದರೆ ನಿಲ್ದಾಣದಿಂದ ಅಲ್ಲಿಗೆ ಹೋಗಿಬರಲು ಶೇರ್ ಆಟೊಕ್ಕೆ ತಲೆಗೆ 40 ರೂಪಾಯಿ, ನಲವತ್ತು ಜನ, ಮೂರು ದಿನ: 4,800. ಅಲ್ಲಿ ಕುರ್ಚಿಯಿಲ್ಲ, ಟೇಬಲ್ಲಿಲ್ಲ. ಲೆಕ್ಕದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆಯಲಾಗುವುದಿಲ್ಲ. ಶಾಮಿಯಾನದವರಿಂದ ಬಾಡಿಗೆಗೆ ತರಿಸಿದರೆ ದಿನಕ್ಕೆ 1,000ದಂತೆ 3,000. ಅಲ್ಲಿಗೆ 7,800 ಆಯಿತು. ಬಿಟ್ಟಿ ಜಾಗವೇ 300 ರೂಪಾಯಿ ದುಬಾರಿ, ಮೇಲೆ ಬೆಳಿಗ್ಗೆ ಅರ್ಧ ಗಂಟೆ ಆಟೊ ಹುಡುಕಾಟದಲ್ಲಿ ಹೋಗುತ್ತದೆ. ಸಮುದಾಯ ಭವನವನ್ನೇ ಹಿಡಿಯೋಣ. ಕಸ ಗುಡಿಸುವವರು, ಮೈಕು, ಕರೆಂಟು ಹೋದರೆ ಜನರೇಟರಿನ ಡೀಸೆಲ್ ಸೇರಿ ದಿನಕ್ಕೆ ಇನ್ನೊಂದು ಸಾವಿರ. ಜಾಗದ ಒಟ್ಟು ಖರ್ಚು 10,500. ಭವನದವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹೇಳಿದ ಬಾಡಿಗೆ ಜಿಎಸ್‌ಟಿ ಸೇರಿಯೋ, ಬಿಟ್ಟೋ? ನೋಂದಣಿ ಇರುವ ಖಾಸಗಿ ಸಭಾಂಗಣವಾದರೆ ಶೇ. 18 ಮೇಲೆ ಬೀಳುತ್ತದೆ. ಬಿಲ್ಲು ಬಂದ ಮೇಲೆ ಅದು ಗೊತ್ತಾದರೆ ಯಾವ ಶೀರ್ಷಿಕೆಯಲ್ಲಿಯೂ ಅದಕ್ಕೆ ಜಾಗ ಇರುವುದಿಲ್ಲ.

ಎಡಗಡೆ ಉಳಿದವು ಸಣ್ಣವು. ಬ್ಯಾನರ್, ಚಾರ್ಟ್ ಹಾಳೆ, ಮಾರ್ಕರ್ ಪೆನ್ನು 1,700. ಫೋಟೊ, ವರದಿ 2,000. ಮಗು ನೋಡಿಕೊಳ್ಳುವ ಒಬ್ಬ ಹೆಂಗಸಿಗೆ ದಿನಕ್ಕೆ 500ರಂತೆ 1,500. ಈ ಕೊನೆಯದನ್ನು ಯಾವ ನಮೂನೆಯಲ್ಲಿಯೂ ನಾನು ಕಂಡಿಲ್ಲ, ಇತರೆ ಎಂಬಲ್ಲಿ ತುರುಕುತ್ತೇನೆ. ಹಾಲು ಕುಡಿಯುವ ಕೂಸಿರುವ ತಾಯಿ ತರಬೇತಿಗೆ ಬರುವಾಗ ಜೊತೆಗೆ ಅತ್ತೆಯನ್ನೋ ತಂಗಿಯನ್ನೋ ಕರೆತರುತ್ತಾಳೆ. ಅಂಥವರು ನಾಲ್ಕು ಜನರಾದರೆ ಅವರ ಊಟ, ಆಟೊ ಸೇರಿ 1,500ಕ್ಕಿಂತ ಹೆಚ್ಚೇ ಆಗುತ್ತದೆ. ಯಾರನ್ನೂ ಕರೆತರಲಾಗದ ತಾಯಿ ಎರಡನೇ ದಿನ ಬರುವುದೇ ಇಲ್ಲ.

ಊಟದ ವಿಷಯಕ್ಕೆ ಬಂದರೆ ಅದು ಎರಡೂ ಕಾಲಂಗೆ ಸೇರಿದ್ದು. ಬೆಳಗಿನ ತಿಂಡಿಗೆ 45, ಮಧ್ಯಾಹ್ನದ ಮುದ್ದೆ ಊಟಕ್ಕೆ 110, ಎರಡು ಸಲದ ಚಹಾ ಬಿಸ್ಕತ್ತಿಗೆ 25, ದಿನಕ್ಕೆ ತಲೆಗೆ 180. ಇದನ್ನು ನಲವತ್ತರಿಂದ ಗುಣಿಸಿ ಸುಮ್ಮನಾಗುವವರಿಗೆ ಅಡುಗೆಯವರ ಬಿಲ್ಲು ನೋಡಿದಾಗ ಆಶ್ಚರ್ಯವಾಗುತ್ತದೆ. ಇಬ್ಬರು ತರಬೇತುದಾರರು, ಸಂಸ್ಥೆಯ ಇಬ್ಬರು ಕಾರ್ಯಕರ್ತರು, ಮಗು ನೋಡಿಕೊಳ್ಳುವವರು, ಈ ಐದು ಜನ ಕೂಡ ಅದೇ ಪಂಕ್ತಿಯಲ್ಲಿ ಕೂರುತ್ತಾರೆ. ಮೂರು ದಿನಕ್ಕೆ ಅವರದು 2,700. ಎಷ್ಟು ಶಿಬಿರಾರ್ಥಿಗಳು ಬಂದರೂ ಇದು ಬದಲಾಗುವುದಿಲ್ಲವಾದ್ದರಿಂದ ಎಡಕ್ಕೆ ಹೋಗಬೇಕು. ಈಗ ಎಡಗಡೆ ಕೂಡಿದರೆ 48,000.

ಬಲಗಡೆ ಒಬ್ಬರಿಗೆ ಎಷ್ಟು ಎಂದು ಮಾತ್ರ ಬರೆಯುವುದು. ಊಟ 180ರಂತೆ ಮೂರು ದಿನಕ್ಕೆ 540.

ಸಾಮಗ್ರಿ 360: ನೋಟ್ ಪುಸ್ತಕ, ಪೆನ್ನು, ಫೈಲಿಗೆ 90. ಅಭ್ಯಾಸಕ್ಕೆ ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ ಪುಸ್ತಕದ ಒಂದು ಸೆಟ್ಟಿಗೆ 150. ಅರವತ್ತು ಪುಟದ ಕೈಪಿಡಿಗೆ ಪುಟಕ್ಕೆ ಒಂದೂವರೆ ರೂಪಾಯಿಯಂತೆ 90, ಬೈಂಡಿಂಗಿಗೆ 30. ನಲವತ್ತು ಪ್ರತಿಗೆ ಜೆರಾಕ್ಸೇ ಸರಿ. ಪ್ರೆಸ್ಸಿನವರು ಪ್ಲೇಟಿನ ಖರ್ಚನ್ನು ನಲವತ್ತು ಪ್ರತಿಯ ಮೇಲೆಯೇ ಹಂಚಬೇಕಾಗುವುದರಿಂದ ನೂರಾರು ಪ್ರತಿ ಬೇಕಾದಾಗ ಮಾತ್ರ ಅಲ್ಲಿಗೆ ಹೋಗುವುದು ಲಾಭ.

ಶಿಬಿರಾರ್ಥಿಗಳ ಪ್ರಯಾಣದ ಲೆಕ್ಕ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಬದಲಾಗಿದೆ. ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರ ಸೊನ್ನೆ. ಹಳೆಯ ಬಜೆಟ್ಟನ್ನು ನಕಲು ಮಾಡಿ ಬಸ್ ಚಾರ್ಜು ಹಾಕಿದರೆ ಲೆಕ್ಕ ತಪಾಸಣೆಯವರು ಸೊನ್ನೆ ಟಿಕೆಟ್ ಹಿಡಿದು ಪ್ರಶ್ನೆ ಕೇಳುತ್ತಾರೆ. ಹಾಗೆಂದು ಪ್ರಯಾಣದ ಸಾಲನ್ನೇ ತೆಗೆದುಹಾಕಿದರೆ ಇನ್ನೊಂದು ತಪ್ಪು. ಹಳ್ಳಿಯಿಂದ ಬಸ್ಸು ನಿಲ್ಲುವ ಕ್ರಾಸಿನವರೆಗೆ ಆಟೊ ಬೇಕು. ಕೆಲವು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯದು. ಗುರುತಿನ ಚೀಟಿ ಮರೆತು ಬಂದವರು ಸರ್ಕಾರಿ ಬಸ್ಸಿನಲ್ಲೂ ದುಡ್ಡು ಕೊಡಬೇಕು. ನಾನು ಮಾಡುವುದು ಇಷ್ಟು: ಹೆಸರಿನ ಪಟ್ಟಿ ಕೈಗೆ ಬಂದ ಮೇಲೆ ಊರುಗಳನ್ನು ಬೇರೆ ಮಾಡಿ, ಊರಿಗೊಬ್ಬರಿಗೆ ಫೋನ್ ಮಾಡಿ ಹೇಗೆ ಬರುತ್ತೀರಿ ಎಂದು ಕೇಳುತ್ತೇನೆ. ಕೆಲವರಿಗೆ ಸೊನ್ನೆ, ಕೆಲವರಿಗೆ ದಿನಕ್ಕೆ 100 ಬರುತ್ತದೆ. ಇಲ್ಲಿ ಸರಾಸರಿ ದಿನಕ್ಕೆ 50, ಮೂರು ದಿನಕ್ಕೆ 150 ಎಂದುಕೊಳ್ಳೋಣ. ಪುರುಷರೂ ಇರುವ ತಂಡವಾದರೆ ಅವರ ಬಸ್ ಚಾರ್ಜನ್ನು ಬೇರೆ ಸಾಲಾಗಿಯೇ ತೋರಿಸಬೇಕು.

ಬಲಗಡೆಯ ತಲೆ ಖರ್ಚು 540, 360, 150 ಸೇರಿ 1,050. ನಲವತ್ತು ಜನಕ್ಕೆ 42,000. ಎಡಗಡೆಯ 48,000 ಕೂಡಿಸಿದರೆ 90,000. ನಲವತ್ತರಿಂದ ಭಾಗಿಸಿದರೆ ತಲೆಗೆ 2,250, ದಿನಕ್ಕೆ 750.

ಈಗ ಮೊದಲಿನ ಪತ್ರಕ್ಕೆ ಬನ್ನಿ. ಹತ್ತು ಜನ ಕಡಿಮೆಯಾದರೆ ಉಳಿಯುವುದು ಹತ್ತು 1,050, ಅಂದರೆ 10,500 ಮಾತ್ರ. ತರಬೇತುದಾರರು ಮೂವತ್ತು ಜನಕ್ಕೆ ಕಡಿಮೆ ತೆಗೆದುಕೊಳ್ಳುವುದಿಲ್ಲ, ಭವನದ ಬಾಡಿಗೆ ಇಳಿಯುವುದಿಲ್ಲ. ಮೂವತ್ತು ಜನರ ತರಬೇತಿಯ ನಿಜವಾದ ಖರ್ಚು 79,500, ತಲೆಗೆ 2,650. ಅವರು ಕೊಟ್ಟ 67,500ಕ್ಕೂ ಇದಕ್ಕೂ ನಡುವೆ ಇರುವುದೇ ಆ 12,000. ಇದೇ ಲೆಕ್ಕ ಜನ ಹೆಚ್ಚಾದಾಗಲೂ ಅನ್ವಯಿಸುತ್ತದೆ. ಭವನದಲ್ಲಿ ಜಾಗವಿದ್ದು, ತರಬೇತುದಾರರಿಗೆ ಕಷ್ಟವಾಗದಿದ್ದರೆ ಒಬ್ಬರನ್ನು ಹೆಚ್ಚಿಗೆ ಸೇರಿಸಿಕೊಳ್ಳಲು ಬೇಕಾಗುವುದು 1,050, 2,250 ಅಲ್ಲ. ಪಕ್ಕದ ಸಂಸ್ಥೆಯವರು ನಮ್ಮ ಇಬ್ಬರನ್ನೂ ಸೇರಿಸಿಕೊಳ್ಳಿ ಎಂದಾಗ ಎಷ್ಟು ಕೇಳಬೇಕೆಂಬುದು ಆಗ ಗೊತ್ತಿರುತ್ತದೆ.

ಈ ಸೌಕರ್ಯಕ್ಕೊಂದು ಮಿತಿಯಿದೆ. ಲೆಕ್ಕ ಬರೆಯುವುದನ್ನು ಕಲಿಸುವಾಗ ಪ್ರತಿಯೊಬ್ಬರ ಪುಟವನ್ನೂ ಬಗ್ಗಿ ನೋಡಬೇಕು. ಒಬ್ಬ ತರಬೇತುದಾರರು ಇಪ್ಪತ್ತು ಜನರ ಪುಟ ನೋಡಬಹುದು ಎಂದು ಇಟ್ಟುಕೊಂಡರೆ ನಲವತ್ತೊಂದನೆಯವರು ಬಂದ ಕೂಡಲೇ ಮೂರನೆಯ ತರಬೇತುದಾರರು ಬೇಕು: 6,000 ಸಂಭಾವನೆ, 540 ಊಟ. ಖರ್ಚು ಇಲ್ಲಿ ಮೆಟ್ಟಿಲು ಹತ್ತುತ್ತದೆ. ಕಂಪ್ಯೂಟರಿನಲ್ಲಿ ಹಾಳೆ ಮಾಡಿಟ್ಟುಕೊಳ್ಳುವವರು B2ರಲ್ಲಿ ಜನರ ಸಂಖ್ಯೆ, B10ರಲ್ಲಿ ಸ್ಥಿರ ಖರ್ಚು, B11ರಲ್ಲಿ ತಲೆ ಖರ್ಚು ಬರೆದು, ಬೇರೊಂದು ಕೋಶದಲ್ಲಿ ಹೀಗೆ ಹಾಕಿದರೆ ಸಾಕು:

```
=(B10+IF(B2>40,6540,0)+B11*B2)/B2
```

ಆಮೇಲೆ B2 ಒಂದನ್ನೇ ಬದಲಿಸುತ್ತಾ ಹೋಗಿ. 40 ಎಂದಾಗ 2,250. 41 ಎಂದಾಗ 2,380ಕ್ಕೆ ಜಿಗಿಯುತ್ತದೆ. 45 ಎಂದಾಗ ಮತ್ತೆ 2,262ಕ್ಕೆ ಇಳಿಯುತ್ತದೆ. ಆದ್ದರಿಂದ ಈ ತರಬೇತಿಯಲ್ಲಿ ಒಂದೋ ನಲವತ್ತಕ್ಕೆ ನಿಲ್ಲಿಸಬೇಕು, ಇಲ್ಲವೇ ನಲವತ್ತೈದು ದಾಟಬೇಕು. ನಡುವೆ ನಿಂತರೆ ನಷ್ಟ.

ಇಷ್ಟೆಲ್ಲ ನಲವತ್ತು ಜನ ಬಂದರೆ. ಬರುತ್ತಾರೆಯೇ? ಅಡುಗೆಯ ಅಕ್ಕ ಹಿಂದಿನ ದಿನ ಕೇಳುವುದೂ ಅದನ್ನೇ.

“ಸಾರ್, ನಲವತ್ತು ಅಂದ್ರೆ ನಲವತ್ತಕ್ಕೇ ಮಾಡ್ಲಾ? ಹೋದ್ಸಲ ಉಳಿದಿದ್ದು ನೋಡಿದ್ರಲ್ಲ.”

ಮೊದಲ ದಿನ ಅವರಿಗೆ ನಲವತ್ತು ಎಂದೇ ಹೇಳಬೇಕಾಗುತ್ತದೆ. ಬಂದವರಿಗೆ ಊಟ ಸಾಲದಿದ್ದರೆ ಆ ಮಾತು ಊರೂರಿಗೆ ಹೋಗುತ್ತದೆ. ಬಂದದ್ದು ಮೊದಲ ದಿನ 34, ಎರಡನೇ ದಿನ 32, ಮೂರನೇ ದಿನ 30 ಎನ್ನಿ. ಊರಿನ ಸಂತೆ, ಮದುವೆ, ರಾಗಿ ಕೊಯ್ಲು, ಇವುಗಳಲ್ಲಿ ಯಾವುದೋ ಒಂದು ಅಡ್ಡ ಬಂದಿರುತ್ತದೆ. ದಿನಾಂಕ ಗೊತ್ತುಮಾಡುವ ಮೊದಲು ಸಂತೆಯ ವಾರ ಯಾವುದೆಂದು ಕೇಳುವುದಕ್ಕೆ ಒಂದು ಪೈಸೆಯೂ ಬೇಡ. ಇರಲಿ, ಈಗ ಖರ್ಚು ನೋಡೋಣ. ಸ್ಥಿರ ಖರ್ಚು 48,000 ಹಾಗೇ ಇದೆ. ಸಾಮಗ್ರಿ ನಲವತ್ತು ಜನಕ್ಕೂ ಮೊದಲೇ ತಂದಾಗಿದೆ, 14,400. ಊಟ ಮೊದಲ ದಿನ ನಲವತ್ತಕ್ಕೆ, ಮುಂದಿನೆರಡು ದಿನ ತಲೆ ಎಣಿಸಿ ಹೇಳಿದ್ದರಿಂದ 32 ಮತ್ತು 30ಕ್ಕೆ, ಒಟ್ಟು 18,360. ಪ್ರಯಾಣ ಬಂದವರಿಗಷ್ಟೇ, 4,800. ಕೂಡಿದರೆ 85,560. ಕೊನೆಯ ದಿನಕ್ಕೆ ಜನ ಕಾಲು ಭಾಗ ಕಡಿಮೆಯಾದರೂ ಖರ್ಚು ಇಳಿದದ್ದು 4,440 ರೂಪಾಯಿ ಮಾತ್ರ.

ಈ ಮೊತ್ತವನ್ನು ಯಾವ ಸಂಖ್ಯೆಯಿಂದ ಭಾಗಿಸುವುದು? ಕರೆದ ನಲವತ್ತರಿಂದ ಭಾಗಿಸಿದರೆ 2,139 ಬಂದು ಬಜೆಟ್ಟಿಗಿಂತ ಅಗ್ಗವಾಗಿ ಮುಗಿಸಿದಂತೆ ಕಾಣುತ್ತದೆ. ಅದು ಸುಳ್ಳು ಲೆಕ್ಕ, ಆದರೂ ಎಷ್ಟೋ ವರದಿಗಳಲ್ಲಿ ಇರುವುದು ಅದೇ. ಮೂರೂ ದಿನ ಕೂತ 30 ಜನರಿಂದ ಭಾಗಿಸಿದರೆ 2,852. ನಡುವೆ ಬಿಟ್ಟು ಹೋದವರೂ ಏನೋ ಕಲಿತಿದ್ದಾರೆ ಎನ್ನುವವರು ಹಾಜರಾತಿಯ ದಿನಗಳಿಂದ ಭಾಗಿಸಲಿ: 34, 32, 30 ಕೂಡಿದರೆ 96 ದಿನ, ದಿನಕ್ಕೆ 891. ಬಜೆಟ್ಟಿನಲ್ಲಿ 750 ಇತ್ತು. ಎರಡು ತರಬೇತಿಗಳನ್ನು ಹೋಲಿಸುವಾಗ ನಾನು ನಂಬುವುದು ಈ ದಿನದ ಲೆಕ್ಕವನ್ನೇ, ಏಕೆಂದರೆ ಎರಡು ದಿನದ ತರಬೇತಿಯನ್ನೂ ಐದು ದಿನದ್ದನ್ನೂ ಇದರಲ್ಲಿ ಪಕ್ಕಪಕ್ಕ ಇಡಬಹುದು. ಇದಕ್ಕೆ ಬೇಕಾದ್ದು ದಿನದಿನವೂ ಬೇರೆಯಾಗಿ ಸಹಿ ಹಾಕಿಸಿದ ಹಾಜರಿ ಪಟ್ಟಿ. ಮೊದಲ ದಿನವೇ ಮೂರೂ ಕಾಲಂಗೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಅಲ್ಲಿಗೆ ಲೆಕ್ಕ ಸತ್ತಿತು. ಅಡುಗೆಯವರ ಬಿಲ್ಲಿನಲ್ಲಿ ಶಿಬಿರಾರ್ಥಿಗಳ 30 ಊಟ, ಹಾಜರಿಯಲ್ಲಿ 34 ಸಹಿ ಕಂಡರೆ ತಪಾಸಣೆಗೆ ಬಂದವರಿಗೆ ಅರ್ಥವಾಗಲು ಹೊತ್ತು ಬೇಡ.

ಪ್ರತಿ ಸಲವೂ ಒಂದಷ್ಟು ಜನ ತಪ್ಪಿಸಿಕೊಳ್ಳುತ್ತಾರೆಂದು ಹಿಂದಿನ ಹಾಜರಿ ಪಟ್ಟಿಗಳಿಂದ ಗೊತ್ತಿದ್ದರೆ, ನಲವತ್ತು ಕುರ್ಚಿಗೆ ನಲವತ್ತಾರು ಜನರನ್ನು ಕರೆಯುವುದುಂಟು. ಎಲ್ಲರೂ ಬಂದುಬಿಟ್ಟರೆ ಮೇಲೆ ಹೇಳಿದ ಮೆಟ್ಟಿಲು ಹತ್ತಬೇಕಾಗುತ್ತದೆ, ಆದ್ದರಿಂದ ಮೂರನೆಯ ತರಬೇತುದಾರರಾಗಿ ಊರಲ್ಲೇ ಇರುವ ಯಾರನ್ನಾದರೂ ಮೊದಲೇ ಮಾತಾಡಿಸಿಟ್ಟಿರಬೇಕು. ಅನಿರೀಕ್ಷಿತ ಖರ್ಚಿಗೆ ಶೇ. 5 ಎಂದು ಇಡುವ ಸಾಲು ಇಂಥದ್ದಕ್ಕೇ. ನಮ್ಮ ಲೆಕ್ಕದಲ್ಲಿ ಅದು 4,500. ಮೂರನೆಯವರ 6,540ಕ್ಕೆ ಅದು ಪೂರ್ತಿ ಸಾಲುವುದಿಲ್ಲ, ಆದರೆ ಹೆಚ್ಚಿನ ಕೊರತೆ ತುಂಬುತ್ತದೆ. ಕೆಲವರು ಈ ಸಾಲನ್ನು ಒಪ್ಪುವುದಿಲ್ಲ, ಹೊಡೆದುಹಾಕುತ್ತಾರೆ. ಆಗ ಊಟಕ್ಕೋ ಪ್ರಯಾಣಕ್ಕೋ ಹೆಚ್ಚು ಬರೆದು ಅಡಗಿಸಿಡುವ ಆಸೆಯಾಗುತ್ತದೆ. ಬೇಡ. ಅದರ ಬದಲು ಒಂದು ಶೀರ್ಷಿಕೆಯಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಬಳಸಲು ಶೇ. 10ರವರೆಗೆ ಅವಕಾಶ ಕೊಡಿ ಎಂದು ಮಂಜೂರಾತಿ ಪತ್ರದಲ್ಲೇ ಬರೆಸಿಕೊಳ್ಳುವುದು ಸುಲಭ.

ತರಬೇತಿ ಮುಗಿದ ವಾರದೊಳಗೆ ಕರಡು ಹಾಳೆಯ ಎರಡು ಕಾಲಂ ಪಕ್ಕದಲ್ಲಿ ಮೂರನೆಯದೊಂದನ್ನು ಎಳೆದು ನಿಜವಾದ ಖರ್ಚನ್ನು ಬರೆದಿಡುತ್ತೇನೆ. ರಸೀದಿಗಳು ಆಗಿನ್ನೂ ಒಂದೇ ಲಕೋಟೆಯಲ್ಲಿರುತ್ತವೆ, 5,000 ದಾಟಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿದೆಯೇ ಎಂದು ಆಗಲೇ ನೋಡಿಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಬೀರುವಿನೊಳಗೆ ಆರು ಜನರ ಸಾಮಗ್ರಿ ಉಳಿದಿದೆ, 2,160 ರೂಪಾಯಿಯದ್ದು. ಮುಂದಿನ ತಂಡದ ಬಜೆಟ್ಟಿನಲ್ಲಿ ಸಾಮಗ್ರಿಯ ಸಾಲಿಗೆ 40 ಅಲ್ಲ, 34 ಎಂದು ಬರೆಯಬೇಕು.